ಒಂದು ಮಾತ್ರೆಗೆ ಎಷ್ಟು?

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಜನ. ನಾಲ್ಕೂ ಜನ ಮಂಡ್ಯ ಜಿಲ್ಲೆಯವರೇ, ಆದ್ರೆ ತಾಲ್ಲೂಕು ಬೇರೆ ಬೇರೆ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಹೆಸರಿಡಿದು ಕರೆಯೋದು ಕಡಿಮೆ. ‘ಪಟ್ನ’, ‘ಪಾಂಡು’, ‘ಪೇಟೆ’, ‘ನಾಗ’ ಅಂತಲೇ ನಡೀತದೆ. ಇನ್ನೊಂದು ವಿಷಯದಲ್ಲೂ ನಾವು ನಾಲ್ವರೂ ಒಂದೇ ಅಂತ ಗೊತ್ತಾಗಿದ್ದು ತೀರಾ ಆಕಸ್ಮಿಕವಾಗಿ. ನಾಲ್ಕೂ ಮನೆಯಲ್ಲಿ ಯಾರಾದರೂ ಒಬ್ಬ ಹಿರಿಯರು ದಿನಾ ಬೆಳಿಗ್ಗೆ ಬಿಪಿ ಮಾತ್ರೆ ನುಂಗ್ತಾರೆ, ಮತ್ತು ನಾಲ್ಕೂ ಮನೆಯ ಮಾತ್ರೆ ಒಂದೇ: ಟೆಲ್ಮಿಸಾರ್ಟನ್ 40 ಮಿ.ಗ್ರಾಂ.

ಒಂದೇ ಅಂದ್ರೆ ಒಳಗಿನ ಔಷಧಿ ಒಂದೇ. ಮೇಲಿನ ಹೆಸರು, ಬಣ್ಣ, ರೇಟು ಎಲ್ಲಾ ಬೇರೆ. 2025ರ ದಸರಾ ರಜೆಗೆ ಊರಿಗೆ ಹೋದಾಗ ನಾಲ್ವರೂ ಮನೆಯ ಸ್ಟ್ರಿಪ್ಪಿನ ಫೋಟೋ, ಮೆಡಿಕಲ್ ಬಿಲ್ಲಿನ ಫೋಟೋ ತೆಗೆದು ಗ್ರೂಪಿಗೆ ಹಾಕಿದೆವು. ವಾಪಸ್ ಬಂದು ಎಕ್ಸೆಲ್‌ಗೆ ತುಂಬಿಸಿದಾಗ ರೇಟು ಹೀಗಿತ್ತು.

ಪಟ್ನದ ಮನೆಯಲ್ಲಿ ಹೆಸರುವಾಸಿ ಬ್ರ್ಯಾಂಡ್. 15 ಮಾತ್ರೆಯ ಸ್ಟ್ರಿಪ್, ಎಂಆರ್‌ಪಿ 112 ರೂಪಾಯಿ, ಅಂಗಡಿಯವರು ಶೇ. 10 ಡಿಸ್ಕೌಂಟ್ ಕೊಟ್ಟು 100 ರೂಪಾಯಿ 80 ಪೈಸೆ ಬಿಲ್ ಮಾಡಿದ್ರು. ಪಾಂಡು ಮನೆಯಲ್ಲೂ ಅದೇ ಬ್ರ್ಯಾಂಡ್, ಅದೇ 15ರ ಸ್ಟ್ರಿಪ್, ಆದ್ರೆ ಎಂಆರ್‌ಪಿ 105, ಡಿಸ್ಕೌಂಟ್ ಸೊನ್ನೆ. ಆ ಅಂಗಡಿಯಲ್ಲಿ 500 ರೂಪಾಯಿ ಮೇಲೆ ಬಿಲ್ ಆದ್ರೆ ಮಾತ್ರ ಡಿಸ್ಕೌಂಟ್ ಅಂತೆ. ಪೇಟೆಯ ಮನೆಯಲ್ಲಿ ನಾವು ಯಾರೂ ಕೇಳಿರದ ಹೆಸರಿನ ಮಾತ್ರೆ. 10ರ ಸ್ಟ್ರಿಪ್, ಎಂಆರ್‌ಪಿ 70, ಡಿಸ್ಕೌಂಟ್ ಶೇ. 60! ಬಿಲ್ಲು 28 ರೂಪಾಯಿ. ನಾಗನ ಮನೆಯದು ಜನೌಷಧಿ ಕೇಂದ್ರದ್ದು. ಅವರಪ್ಪ ಮಂಡ್ಯಕ್ಕೆ ಕೆಲಸಕ್ಕೆ ಬರುವಾಗ ತಗೊಂಡು ಹೋಗೋದು. 10ರ ಸ್ಟ್ರಿಪ್ 12 ರೂಪಾಯಿ, ಡಿಸ್ಕೌಂಟ್ ಇಲ್ಲ.

ಈ ನಾಲ್ಕು ಸಾಲು ನೋಡಿದ ಕೂಡಲೇ ಯಾರಿಗೆ ಲಾಭ ಅಂತ ಹೇಳೋದು ಕಷ್ಟ. ಒಂದು ಸ್ಟ್ರಿಪ್ 15ರದ್ದು, ಇನ್ನೊಂದು 10ರದ್ದು. ಮಾರ್ಕೆಟ್ಟಿನಲ್ಲಿ 14ರದ್ದೂ ಇದೆ, 30ರದ್ದೂ ಇದೆ. ಹಂಗಾಗಿ ಸ್ಟ್ರಿಪ್ ರೇಟಿಗೆ ಸ್ಟ್ರಿಪ್ ರೇಟು ಹೋಲಿಸಿದ್ರೆ ಏನೂ ಗೊತ್ತಾಗಲ್ಲ. ಡಿಸ್ಕೌಂಟ್ ಪರ್ಸೆಂಟೇಜ್ ಅಂತೂ ಇನ್ನೂ ಮೋಸ. ಒಂದೇ ಒಂದು ಕಾಲಮ್ ಸಾಕು: ಡಿಸ್ಕೌಂಟ್ ಕಳೆದ ಮೇಲೆ ಒಂದು ಮಾತ್ರೆಗೆ ಎಷ್ಟು ಬಿತ್ತು. B ಕಾಲಮ್‌ನಲ್ಲಿ ಎಂಆರ್‌ಪಿ, C ಯಲ್ಲಿ ಡಿಸ್ಕೌಂಟ್, D ಯಲ್ಲಿ ಸ್ಟ್ರಿಪ್ಪಿನ ಮಾತ್ರೆ ಸಂಖ್ಯೆ ಇಟ್ಟರೆ ಇಷ್ಟೇ:

```
=B2*(1-C2/100)/D2
```

ಪಟ್ನಕ್ಕೆ 6.72 ಬಂತು. ಪಾಂಡುಗೆ 7.00. ಪೇಟೆಗೆ 2.80. ನಾಗನಿಗೆ 1.20. ವರ್ಷದ 365 ದಿನಕ್ಕೆ ಗುಣಿಸಿದರೆ ಪಾಂಡು ಮನೆಯಲ್ಲಿ 2,555 ರೂಪಾಯಿ, ನಾಗನ ಮನೆಯಲ್ಲಿ 438. ಡಿಸ್ಕೌಂಟೇ ಇಲ್ಲದ ಎರಡು ಮನೆಯಲ್ಲಿ ಒಂದು ಅತಿ ದುಬಾರಿ, ಇನ್ನೊಂದು ಅತಿ ಅಗ್ಗ. ಶೇ. 60 ಡಿಸ್ಕೌಂಟ್ ಸಿಕ್ಕವರು ಡಿಸ್ಕೌಂಟೇ ಸಿಗದ ನಾಗನ ಎರಡು ಪಟ್ಟಿಗಿಂತ ಜಾಸ್ತಿ ಕೊಡ್ತಿದಾರೆ.

ಮೊದಲು ನಮಗೆ ತಲೆ ಕೆಡಿಸಿದ್ದು 112 ಮತ್ತು 105. ಒಂದೇ ಬ್ರ್ಯಾಂಡ್, ಒಂದೇ ಸ್ಟ್ರಿಪ್, ಇಪ್ಪತ್ತು ನಿಮಿಷದ ದೂರದ ಎರಡು ಊರು. ತಾರೀಖು ನೋಡಿದಾಗ ಉತ್ತರ ಸಿಕ್ತು. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಿಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಎಂಆರ್‌ಪಿ ಒಳಗೇ ಜಿಎಸ್‌ಟಿ ಸೇರಿರುತ್ತೆ. 112ರಲ್ಲಿ ಮಾತ್ರೆಯ ಬೆಲೆ 100, ತೆರಿಗೆ 12. ಹೊಸ ಲೆಕ್ಕದಲ್ಲಿ 100ಕ್ಕೆ 5 ಸೇರಿಸಿ 105. ಪಟ್ನಕ್ಕೆ ಸಿಕ್ಕಿದ್ದು ಹಳೇ ಸ್ಟಾಕು. ಹಳೇ ಎಂಆರ್‌ಪಿ ಮುದ್ರಿತವಾಗಿದ್ದರೂ ಹೊಸ ರೇಟಿಗೇ ಮಾರಬೇಕಿತ್ತು. ಮೊದಲು 105 ಮಾಡಿ, ಅದರ ಮೇಲೆ ಶೇ. 10 ಕಳೆದಿದ್ರೆ 94 ರೂಪಾಯಿ 50 ಪೈಸೆ ಆಗಬೇಕು. ಅವರು ಕೊಟ್ಟಿದ್ದು 100 ರೂಪಾಯಿ 80 ಪೈಸೆ. ಅಂದ್ರೆ ಆ ‘ಶೇ. 10 ಡಿಸ್ಕೌಂಟ್’ನಲ್ಲಿ ಆರು ಭಾಗಕ್ಕಿಂತ ಜಾಸ್ತಿ ಸರ್ಕಾರ ಬಿಟ್ಟ ತೆರಿಗೆ, ಅಂಗಡಿಯವರು ನಿಜವಾಗಿ ಬಿಟ್ಟಿದ್ದು 4 ರೂಪಾಯಿ 20 ಪೈಸೆ. ಬೇಕಂತ ಮಾಡಿದ್ರೋ, ಹಬ್ಬದ ರಶ್ಶಲ್ಲಿ ಕಂಪ್ಯೂಟರ್ ಅಪ್‌ಡೇಟ್ ಆಗಿರಲಿಲ್ವೋ, ನಾವು ಕೇಳೋಕೆ ಹೋಗಲಿಲ್ಲ. ಆದ್ರೆ 2025ರ ಸೆಪ್ಟೆಂಬರ್‌ಗೆ ಮುಂಚೆ ತಯಾರಾದ ಸ್ಟ್ರಿಪ್ ಕೈಗೆ ಬಂದ್ರೆ ಎಂಆರ್‌ಪಿಯನ್ನ 1.12ರಿಂದ ಭಾಗಿಸಿ 1.05ರಿಂದ ಗುಣಿಸಿ ನೋಡಿ. ಮೊಬೈಲ್ ಕ್ಯಾಲ್ಕುಲೇಟರಲ್ಲಿ ಹತ್ತು ಸೆಕೆಂಡು.

ಇನ್ನು ಶೇ. 60ರ ಕಥೆ. ಬ್ರ್ಯಾಂಡಿಗೆ ಶೇ. 10 ಕೊಡೋಕೇ ಮುಖ ಸಪ್ಪಗೆ ಮಾಡೋ ಮೆಡಿಕಲ್‌ನವರು ಇದಕ್ಕೆ ಹೇಗೆ ಶೇ. 60 ಕೊಡ್ತಾರೆ? ಇದಕ್ಕೆ ಬೆಲೆ ನಿಯಂತ್ರಣದ ನಿಯಮ ಗೊತ್ತಿರಬೇಕು. ಟೆಲ್ಮಿಸಾರ್ಟನ್ 40 ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಆ ಪಟ್ಟಿಯಲ್ಲಿರೋ ಔಷಧಿಗೆ 2013ರ ಔಷಧಿ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಎನ್‌ಪಿಪಿಎ ಅನ್ನೋ ಪ್ರಾಧಿಕಾರ ಗರಿಷ್ಠ ಬೆಲೆ ಕಟ್ಟುತ್ತೆ. ಹೇಗೆ ಅಂದ್ರೆ, ಮಾರುಕಟ್ಟೆಯಲ್ಲಿ ಶೇ. 1 ಅಥವಾ ಹೆಚ್ಚು ಪಾಲಿರುವ ಬ್ರ್ಯಾಂಡುಗಳೆಲ್ಲ ಅಂಗಡಿಗೆ ಯಾವ ಬೆಲೆಗೆ ಕೊಡ್ತಾವೋ ಅದರ ಸರಾಸರಿ ತೆಗೆದು, ಅಂಗಡಿಯವರ ಲಾಭ ಅಂತ ಶೇ. 16 ಸೇರಿಸ್ತಾರೆ. ಮಾತ್ರೆ ತಯಾರಿಸೋಕೆ ಎಷ್ಟು ಖರ್ಚಾಯ್ತು ಅನ್ನೋದು ಈ ಲೆಕ್ಕದಲ್ಲಿ ಬರೋದೇ ಇಲ್ಲ. ದುಬಾರಿ ಬ್ರ್ಯಾಂಡುಗಳ ಸರಾಸರಿಯೇ ಮೇಲಿನ ಗೆರೆ.

ಈಗ 105ರ ಸ್ಟ್ರಿಪ್ಪಿಗೆ ಬನ್ನಿ. ತೆರಿಗೆ ತೆಗೆದರೆ 100. ಶೇ. 16 ಲಾಭ ಅಂತ ಹಿಡಿದರೆ ಅಂಗಡಿಗೆ ಅದು ಬಿದ್ದಿರೋದು 86 ರೂಪಾಯಿ ಚಿಲ್ಲರೆ. ಡಿಸ್ಕೌಂಟ್ ಇಲ್ಲದೆ ಮಾರಿದರೆ 14 ರೂಪಾಯಿ ಹತ್ತಿರ ಉಳೀತದೆ. ಶೇ. 10 ಡಿಸ್ಕೌಂಟ್ ಕೊಟ್ಟರೆ ತೆರಿಗೆ ಬಿಟ್ಟು ಕೈಗೆ ಬರೋದು 90, ಉಳಿಯೋದು 4 ರೂಪಾಯಿಗೂ ಕಮ್ಮಿ. ಅಂದ್ರೆ ಮಾತ್ರೆಗೆ 25 ಪೈಸೆ. ಅದರಲ್ಲೇ ಅಂಗಡಿ ಬಾಡಿಗೆ, ಕರೆಂಟು, ಹುಡುಗನ ಸಂಬಳ. ಮುಖ ಸಪ್ಪಗಾಗೋದು ನ್ಯಾಯವೇ. ದೊಡ್ಡ ಚೈನ್ ಅಂಗಡಿಗಳು ಲಾಟಾಗಿ ತಗೊಳ್ತಾವೆ, ಅವರಿಗೆ ಬೀಳೋ ರೇಟೇ ಬೇರೆ. ಅದಕ್ಕೇ ಅವರ ಬೋರ್ಡಿನ ಮೇಲೆ ದೊಡ್ಡ ನಂಬರು.

ಪೇಟೆಯವನು ಅವನ ಊರಿನ ಮೆಡಿಕಲ್ ಅಣ್ಣನಿಗೆ ಚೆನ್ನಾಗಿ ಪರಿಚಯ. ‘ಅಣ್ಣಾ, ನಮ್ಮ ಪ್ರಾಜೆಕ್ಟಿಗೆ ಬೇಕು’ ಅಂತ ಕೇಳಿದ. ಪ್ರಾಜೆಕ್ಟು ಅಂದ್ರೆ ಊರಲ್ಲಿ ಯಾರೂ ಇಲ್ಲ ಅನ್ನಲ್ಲ. ‘ನೋಡು ತಮ್ಮ, ಇದು ನಂಗೆ ಹದಿನೈದು ರೂಪಾಯಿಗೆ ಬೀಳ್ತದೆ. ಎಪ್ಪತ್ತು ಅಂತ ಅವ್ರೇ ಪ್ರಿಂಟ್ ಮಾಡವ್ರೆ. ನಾನು ಅರವತ್ತು ಪರ್ಸೆಂಟ್ ಬುಟ್ರೂ ನಂಗೇನೂ ಲಾಸಿಲ್ಲ, ಜನುಕ್ಕೂ ಖುಷಿ’ ಅಂದರಂತೆ. 15ಕ್ಕೆ ಬಿದ್ದು 28ಕ್ಕೆ ಮಾರಿದರೆ 10 ಮಾತ್ರೆಗೆ 13 ರೂಪಾಯಿ, ಮಾತ್ರೆಗೆ 1 ರೂಪಾಯಿ 30 ಪೈಸೆ ಅವರಿಗೆ. ಬ್ರ್ಯಾಂಡಿನಲ್ಲಿ 25 ಪೈಸೆ. ಶೇ. 60 ಬಿಟ್ಟವರಿಗೆ ಶೇ. 10 ಬಿಟ್ಟವರಿಗಿಂತ ಐದು ಪಟ್ಟು ಲಾಭ, ಗಿರಾಕಿಗೂ 7ರ ಬದಲು 2.80.

ಇದನ್ನ ಬ್ರ್ಯಾಂಡೆಡ್ ಜೆನೆರಿಕ್ ಅಂತಾರೆ. ಜೆನೆರಿಕ್ಕೇ, ಆದ್ರೆ ಅದಕ್ಕೊಂದು ಹೆಸರಿಟ್ಟು, ಗರಿಷ್ಠ ಬೆಲೆಯ ಗೆರೆ ಹತ್ತಿರವೇ ಎಂಆರ್‌ಪಿ ಮುದ್ರಿಸಿ, ಅಂಗಡಿಗೆ ತೀರಾ ಕಡಿಮೆಗೆ ಕೊಡೋದು. ಡಿಸ್ಕೌಂಟ್ ಎಷ್ಟು ಅನ್ನೋದು ಪೂರ್ತಿ ಅಂಗಡಿಯವರ ಮನಸ್ಸು. ಅದೇ ಸ್ಟ್ರಿಪ್ಪನ್ನ ಇನ್ನೊಬ್ಬರು ಶೇ. 20 ಬಿಟ್ಟು 56ಕ್ಕೆ ಮಾರಿದರೂ ಕಾನೂನಿನಲ್ಲಿ ತಪ್ಪಿಲ್ಲ. ಜನೌಷಧಿಯಲ್ಲಿ ಈ ಆಟವೇ ಇಲ್ಲ, ಯಾಕಂದ್ರೆ ಎಂಆರ್‌ಪಿಯೇ ನಿಜವಾದ ಬೆಲೆ. ಕೇಂದ್ರ ನಡೆಸೋರ ಲಾಭವೂ ಆ 12 ರೂಪಾಯಿ ಒಳಗೇ ಇದೆ.

ಇಲ್ಲಿವರೆಗೆ ನಮಗೆ ಇದೊಂದು ಮಜವಾದ ಲೆಕ್ಕ ಅಷ್ಟೇ ಆಗಿತ್ತು. ಪಾಂಡು ಕಳಿಸಿದ ಫೋಟೋಗಳನ್ನ ನಾಗ ಮತ್ತೆ ನೋಡ್ತಾ ಇದ್ದ. ಬಿಲ್ಲಿನ ತಾರೀಖು ಸೆಪ್ಟೆಂಬರ್ 24. ಸ್ಟ್ರಿಪ್ಪಿನ ಫೋಟೋ ತೆಗೆದದ್ದು ಅಕ್ಟೋಬರ್ 4ಕ್ಕೆ. ಹತ್ತು ದಿನ ಕಳೆದಿದೆ, 15ರಲ್ಲಿ ಹತ್ತು ಮಾತ್ರೆ ಇನ್ನೂ ಹಾಗೇ ಇದೆ. ‘ಪಾಂಡು, ನಿಮ್ಮಜ್ಜಿ ದಿನ ಬಿಟ್ಟು ದಿನ ತಗೊಳ್ತಾವ್ರೆ ಕಣೋ’ ಅಂದ.

ಫೋನ್ ಮಾಡಿ ಕೇಳಿದಾಗ ಅಜ್ಜಿ ಮುಚ್ಚಿಡಲಿಲ್ಲ. ‘ಊಂ ಕಣ್ ಮೊಗ, ಒಂದ್ ಚೀಟಿ ಒಂದ್ ತಿಂಗ್ಳು ಬತ್ತದೆ ಅಂಗಾರೆ. ಇಲ್ದಿದ್ರೆ ಹದಿನೈದ್ ದಿನ್ಕೇ ಖಾಲಿ. ನಂಗೇನ್ ತಲೆ ಸುತ್ತಲ್ಲ, ಏನಿಲ್ಲ.’ ಸ್ಟ್ರಿಪ್ಪಿಗೆ ಅವರು ಚೀಟಿ ಅಂತಾರೆ. ತಿಂಗಳಿಗೆ ಎರಡು ಚೀಟಿ ಅಂದ್ರೆ 210 ರೂಪಾಯಿ, ಅದನ್ನ ಅವರೇ ಅರ್ಧ ಮಾಡಿಕೊಂಡಿದ್ದಾರೆ. ಯಾರಿಗೂ ಹೇಳಿಲ್ಲ. ಮಗನ ಹತ್ರ ದುಡ್ಡು ಕೇಳೋಕೆ ಸಂಕೋಚ, ಅಷ್ಟೇ.

ಈ ಮಾತ್ರೆಯ ಪ್ರಭಾವ ಸುಮಾರು 24 ಗಂಟೆ. ಅದಕ್ಕೇ ದಿನಕ್ಕೊಂದು ಅಂತ ಬರೆಯೋದು. ದಿನ ಬಿಟ್ಟು ದಿನ ತಗೊಂಡರೆ ಒಂದು ದಿನ ರಕ್ಷಣೆ, ಇನ್ನೊಂದು ದಿನ ಕಡಿಮೆ. ಬಿಪಿ ಜಾಸ್ತಿ ಇರೋದು ಹೆಚ್ಚಿನವರಿಗೆ ಗೊತ್ತೇ ಆಗಲ್ಲ, ತಲೆ ಸುತ್ತಲ್ಲ ಅನ್ನೋದು ಸರ್ಟಿಫಿಕೇಟ್ ಅಲ್ಲ. ಹಳ್ಳಿಯ ಉಪಕೇಂದ್ರದಲ್ಲಿ ನೋಡಿಸಿದಾಗ ಅಜ್ಜಿಯ ಮೇಲಿನ ಬಿಪಿ 168 ಇತ್ತು.

ಹಾಗಾದ್ರೆ ಅಗ್ಗದ್ದಕ್ಕೆ ಬದಲಾಯಿಸಿದರಾಯ್ತು ಅಂತ ನಾವು ಹೊರಟೆವು. ಅಜ್ಜಿಗೆ ಜೆನೆರಿಕ್ ಅಂದ್ರೆ ಏನು ಅಂತ ಹೇಳೋದೇ ದೊಡ್ಡ ಕೆಲಸ. ನಾವು ಕಲಿತ ಇಂಗ್ಲಿಷ್ ಮೀಡಿಯಂ ವಿವರಣೆ ಯಾವುದೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಪಾಂಡು, ‘ಅಜ್ಜಿ, ನಮ್ಮೂರ ಫ್ಯಾಕ್ಟ್ರಿ ಸಕ್ಕರೆ ಮೂಟೇಲಿದ್ರೂ ಸಕ್ಕರೆನೇ, ಬಣ್ಣದ ಪ್ಯಾಕೆಟಲ್ಲಿದ್ರೂ ಸಕ್ಕರೆನೇ ಅಲ್ವಾ’ ಅಂದ. ಅಜ್ಜಿ ತಕ್ಷಣ, ‘ಮೂಟೆ ಸಕ್ರೇಲಿ ಕಲ್ಲು ಇರ್ತದಲ್ಲ ಮೊಗ?’ ಅಂದ್ರು. ನಿಜ ಹೇಳಬೇಕು ಅಂದ್ರೆ ಇದು ಸರಿಯಾದ ಪ್ರಶ್ನೆ.

ಕಲ್ಲು ಎಲ್ಲಿ ಬೇಕಾದ್ರೂ ಇರಬಹುದು ಅನ್ನೋದೇ ಉತ್ತರ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಪ್ರತಿ ತಿಂಗಳು ಗುಣಮಟ್ಟದಲ್ಲಿ ಫೇಲಾದ ಬ್ಯಾಚುಗಳ ಪಟ್ಟಿ ಹಾಕುತ್ತೆ. ಅದರಲ್ಲಿ ಅಗ್ಗದ್ದೂ ಇರುತ್ತೆ, ದುಬಾರಿಯದ್ದೂ ಇರುತ್ತೆ. ಬ್ಯಾಚ್ ನಂಬರ್ ಸಮೇತ ಇರೋದ್ರಿಂದ ನಿಮ್ಮ ಸ್ಟ್ರಿಪ್ಪಿನದ್ದು ಇದೆಯಾ ಅಂತ ಹುಡುಕಬಹುದು. ಇನ್ನೊಂದು, ಟೆಲ್ಮಿಸಾರ್ಟನ್ ನೀರಲ್ಲಿ ಸುಲಭವಾಗಿ ಕರಗದ ಔಷಧಿ. ಇಂಥ ಔಷಧಿಗಳಿಗೆ ಹೊಸದಾಗಿ ಲೈಸೆನ್ಸ್ ಕೇಳುವವರು ಅದು ರಕ್ತಕ್ಕೆ ಮೂಲ ಔಷಧಿಯಷ್ಟೇ ಸೇರುತ್ತೆ ಅಂತ ತೋರಿಸಬೇಕು ಅನ್ನೋ ನಿಯಮ ಬಂದಿದ್ದು 2017ರಲ್ಲಿ. ಅದಕ್ಕಿಂತ ಮುಂಚಿನ ಲೈಸೆನ್ಸುಗಳೂ ಮಾರುಕಟ್ಟೆಯಲ್ಲಿವೆ. ಅದರಲ್ಲಿ ಬ್ರ್ಯಾಂಡೂ ಸೇರಿದೆ, ಜೆನೆರಿಕ್ಕೂ ಸೇರಿದೆ. ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿ ತಯಾರಿಸಿದವರು ಯಾರು, ಮಾರುವವರು ಯಾರು ಅಂತ ಬೇರೆ ಬೇರೆ ಇರುತ್ತೆ, ಓದಿ ನೋಡಿ. ದೊಡ್ಡ ಹೆಸರಿನ ಎಷ್ಟೋ ಮಾತ್ರೆಗಳನ್ನ ಬೇರೆ ಕಂಪನಿ ಮಾಡಿಕೊಡುತ್ತೆ.

ಆದ್ರೆ ಸುಮ್ನೆ ಮೆಡಿಕಲ್‌ಗೆ ಹೋಗಿ ‘ಇದರ ಬದಲು ಅಗ್ಗದ್ದು ಕೊಡಿ’ ಅನ್ನೋಹಾಗಿಲ್ಲ. ಡಾಕ್ಟರು ಚೀಟಿಯಲ್ಲಿ ಬ್ರ್ಯಾಂಡ್ ಹೆಸರು ಬರೆದಿದ್ದರೆ, ಒಳಗಿನ ಔಷಧಿ ಒಂದೇ ಆಗಿದ್ದರೂ ಅಂಗಡಿಯವರು ತಾವಾಗಿ ಬೇರೆ ಕೊಡೋ ಹಾಗಿಲ್ಲ ಅಂತ ಔಷಧಿ ನಿಯಮಗಳಲ್ಲೇ ಇದೆ. ವೈದ್ಯರು ಜೆನೆರಿಕ್ ಹೆಸರು ಬರೆಯಬೇಕು ಅಂತ 2016ರಲ್ಲೇ ಎಂಸಿಐ ಹೇಳಿತ್ತು. 2023ರ ಆಗಸ್ಟ್‌ನಲ್ಲಿ ಎನ್‌ಎಂಸಿ ಇನ್ನೂ ಬಿಗಿ ನಿಯಮ ತಂದು, ಡಾಕ್ಟರುಗಳ ವಿರೋಧ ಬಂದು, ಅದೇ ತಿಂಗಳು ತಡೆಹಿಡಿಯಿತು. ಹಂಗಾಗಿ ಪಾಂಡು ಅಜ್ಜಿಯನ್ನ ಕರ್ಕೊಂಡು ಮೊದಲು ಡಾಕ್ಟರ ಹತ್ರ ಹೋದ. ‘ಸಾರ್, ಔಷಧಿ ಹೆಸರೇ ಬರೆದುಕೊಡಿ’ ಅಂದ. ಅವರು ಏನೂ ಬೇಜಾರಿಲ್ಲದೆ ಬರೆದುಕೊಟ್ರು, ಎರಡು ಮಾತು ಹೇಳಿ ಕಳಿಸಿದ್ರು.

ಒಂದು, ಹಳೇ ಸ್ಟ್ರಿಪ್ ಮನೇಲಿ ಇಡಬೇಡಿ. ಹೆಸರು ಬೇರೆ, ಬಣ್ಣ ಬೇರೆ ಇದ್ದಾಗ ವಯಸ್ಸಾದವರು ಎರಡೂ ಬೇರೆ ಔಷಧಿ ಅಂದುಕೊಂಡು ಎರಡೂ ನುಂಗ್ತಾರೆ. ಪೇಟೆಯ ಮನೆಯಲ್ಲಿ ಇದು ಆಗಿತ್ತಂತೆ. ಮೊದಲ ಸಲ ಬದಲಾಯಿಸಿದಾಗ ಅವನ ತಾತ ಮೂರು ದಿನ ಎರಡೂ ತಗೊಂಡು, ಬೆಳಿಗ್ಗೆ ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡಿದ್ರು. ಎರಡನೇದು, ಹೆಸರಿನ ಜೊತೆ ಬಾಲ ನೋಡಿ ಅಂದ್ರು. ಟೆಲ್ಮಿಸಾರ್ಟನ್ ಒಂದೇ ಇರೋದು ಬೇರೆ, ಅದರ ಜೊತೆ ಅಮ್ಲೋಡಿಪಿನ್ ಅಥವಾ ಹೈಡ್ರೋಕ್ಲೋರೋಥಯಾಜೈಡ್ ಸೇರಿರೋದು ಬೇರೆ. ಬ್ರ್ಯಾಂಡ್ ಹೆಸರಿನ ಕೊನೆಗೆ ಎಎಂ, ಎಚ್ ಅಂತ ಒಂದೆರಡು ಅಕ್ಷರ ಮಾತ್ರ ಇರುತ್ತೆ, ಕಣ್ಣಿಗೆ ಬೀಳೋದೇ ಇಲ್ಲ. ರೇಟು ಹೋಲಿಸುವಾಗಲೂ ಇದೇ ತಪ್ಪಾಗೋದು. ಎರಡು ಔಷಧಿ ಸೇರಿರೋ ಮಾತ್ರೆಗೂ ಒಂದೇ ಇರೋದಕ್ಕೂ ಹೋಲಿಸಿ, ಅಯ್ಯೋ ಎಷ್ಟು ಅಗ್ಗ ಅಂದುಕೊಳ್ಳೋದು. ನಮ್ಮ ಶೀಟಿನಲ್ಲಿ ಈಗ A ಕಾಲಮ್‌ನಲ್ಲಿ ಬ್ರ್ಯಾಂಡ್ ಹೆಸರಿಲ್ಲ, ಒಳಗಿರೋ ಔಷಧಿ ಮತ್ತು ಎಷ್ಟು ಮಿ.ಗ್ರಾಂ ಅನ್ನೋದು ಮಾತ್ರ.

ಜನೌಷಧಿಯ ತೊಂದರೆಯೂ ಹೇಳಬೇಕು. ಕೆಲವು ಸಲ ಸ್ಟಾಕ್ ಇರಲ್ಲ. 36 ರೂಪಾಯಿಯ ಮಾತ್ರೆಗೆ ಬಸ್ ಚಾರ್ಜು ಕೊಟ್ಟು ಹೋಗಿ ಬರಿಗೈಲಿ ಬಂದರೆ ಇಡೀ ಲೆಕ್ಕ ಉಲ್ಟಾ. ಅಜ್ಜಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಫ್ರೀ, ಪಾಂಡುಗೆ ಇಲ್ಲ. ಹಂಗಾಗಿ ಮೊದಲು ಫೋನ್ ಮಾಡಿ ಕೇಳಿ, ಎರಡು ತಿಂಗಳಿಗಾಗುವಷ್ಟು ಒಟ್ಟಿಗೆ ತರೋದು ಅಂತ ಮಾಡಿಕೊಂಡಿದಾನೆ. 60 ಮಾತ್ರೆ, 72 ರೂಪಾಯಿ. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಬಿಪಿ ಮಾತ್ರೆ ಪೂರ್ತಿ ಫ್ರೀ, ನಮ್ಮ ಶೀಟಿನಲ್ಲಿ ಅದಕ್ಕೆ ಮಾತ್ರೆಗೆ 0.00. ಆದ್ರೆ ಅಲ್ಲಿ ಯಾವ ಔಷಧಿ ಇರುತ್ತೋ ಅದು. ಟೆಲ್ಮಿಸಾರ್ಟನ್ ಇಲ್ಲದೆ ಅಮ್ಲೋಡಿಪಿನ್ ಇದ್ರೆ, ಅದನ್ನ ತಗೋಬಹುದಾ ಅನ್ನೋದು ಅಲ್ಲಿನ ಡಾಕ್ಟರು ಹೇಳಬೇಕು.

ಮಾತ್ರೆಗಳನ್ನ ಸ್ಟ್ರಿಪ್ಪಿಂದ ಬಿಡಿಸಿ ಡಬ್ಬಿಗೆ ಹಾಕಿಡೋ ಅಭ್ಯಾಸ ಅಜ್ಜಿಗಿತ್ತು. ಟೆಲ್ಮಿಸಾರ್ಟನ್ ಗಾಳಿಯ ತೇವ ಬೇಗ ಎಳ್ಕೊಳ್ಳುತ್ತೆ, ನುಂಗೋವರೆಗೂ ಫಾಯಿಲ್ ಒಳಗೇ ಇರಬೇಕು. ಒಂದು ಸ್ಟ್ರಿಪ್ಪಿನಲ್ಲಿ ಐದು ಮಾತ್ರೆ ಕತ್ತರಿಸಿ ಕೊಟ್ಟರೆ ಪರವಾಗಿಲ್ಲ, ಎಕ್ಸ್‌ಪೈರಿ ತಾರೀಖಿರೋ ತುದಿ ನಮ್ಮ ಕಡೆ ಬಂದಿದೆಯಾ ನೋಡ್ಕೋಬೇಕು ಅಷ್ಟೇ.

ಬದಲಾಯಿಸೋಕೆ ಮುಂಚೆ ದಿನಾ ಒಂದು ತಗೊಂಡು ಒಂದು ವಾರ, ಬದಲಾಯಿಸಿದ ಮೇಲೆ ಎರಡು ವಾರ, ಬೆಳಿಗ್ಗೆ ಮಾತ್ರೆಗೆ ಮುಂಚೆ ಒಂದೇ ಟೈಮಿಗೆ ಬಿಪಿ ನೋಡಿ ಬರೆದಿಡೋಕೆ ಡಾಕ್ಟರು ಹೇಳಿದ್ರು. ಪಟ್ನದವನ ಮನೆಯ ಮಷಿನ್ ಮೂರು ವಾರ ಪಾಂಡವಪುರದಲ್ಲಿತ್ತು. 7 ರೂಪಾಯಿ ಮಾತ್ರೆ ದಿನಾ ತಗೊಂಡ ವಾರದ ಸರಾಸರಿ 141. 1 ರೂಪಾಯಿ 20 ಪೈಸೆ ಮಾತ್ರೆಯ ಎರಡನೇ ವಾರದ ಸರಾಸರಿ 139. ಒಬ್ಬರ ಮೇಲಿನ ಅಳತೆ, ಇದರಿಂದ ಯಾವ ಕಂಪನಿ ಮೇಲು ಅಂತ ಹೇಳೋಕಾಗಲ್ಲ. ಆ ಅಜ್ಜಿಗೆ ಆ ಮಾತ್ರೆ ಸಾಕು ಅಂತ ಡಾಕ್ಟರಿಗೆ ಅಷ್ಟು ಸಾಕಾಯ್ತು.

ಪಟ್ನದ ಮನೆಯವರು ಮಾತ್ರ ಬದಲಾಯಿಸಿಲ್ಲ. ‘ಹತ್ತು ವರ್ಷದಿಂದ ಇದೇ ತಗೊಂಡು ಆರಾಮಾಗಿದ್ದೀನಿ, ದಿನಕ್ಕೆ ಐದು ರೂಪಾಯಿಗೋಸ್ಕರ ಯಾಕಪ್ಪ ರಿಸ್ಕು’ ಅಂತ ಅವರ ತಂದೆ. ಪೆನ್ಷನ್ ಬರುತ್ತೆ, ದಿನಾ ತಪ್ಪದೆ ತಗೊಳ್ತಾರೆ. ನಮಗೂ ಅದು ಸರಿ ಅನ್ನಿಸ್ತು. ಅಂಗಡಿ ಬದಲಾಯಿಸಿದಾರೆ, ಈಗ ಅವರಿಗೆ 6.30 ಬೀಳ್ತಿದೆ.

ಶೀಟಿಗೆ ಹೊಸದಾಗಿ ಒಂದು ಕಾಲಮ್ ಸೇರಿಸಿದೀವಿ. ತಂದ ದಿನದಿಂದ ಎಷ್ಟು ದಿನ ಆಯ್ತು, ಎಷ್ಟು ಮಾತ್ರೆ ಖಾಲಿಯಾಯ್ತು, ಎರಡರ ವ್ಯತ್ಯಾಸ. ಭಾನುವಾರ ಮನೆಗೆ ಫೋನ್ ಮಾಡಿದಾಗ ಸ್ಟ್ರಿಪ್ ಎಣಿಸಿ ಹೇಳ್ತಾರೆ. ಪಾಂಡು ಅಜ್ಜಿಯ ಸಾಲಿನಲ್ಲಿ ಎರಡು ತಿಂಗಳು ಸೊನ್ನೆ ಇತ್ತು. ಈ ತಿಂಗಳು 2 ತೋರಿಸ್ತಿದೆ. ಮೇಲುಕೋಟೆಗೆ ಮದುವೆಗೆ ಹೋಗಿ ಎರಡು ದಿನ ಉಳ್ಕೊಂಡಿದ್ರಂತೆ, ಚೀಟಿ ಮನೇಲೇ ಮರೆತು.